ನಾನೇ ಲೆಕ್ಕಹಾಕಿದ ಜಿಪಿಎಸ್ ಸ್ಥಾನ ಯಾವಾಗಲೂ 31 ಮೀಟರ್ ಪೂರ್ವಕ್ಕೆ ಬೀಳುತ್ತಿದೆ, ಎಲ್ಲಿ ತಪ್ಪಿದೆ?

ಕಕ್ಷೆಕೂಸು

ರಿಸೀವರ್ ಕೊಡುವ ಸಿದ್ಧ ಉತ್ತರ ಬಿಟ್ಟು, ಅದರ `RXM-RAWX` ಸಂದೇಶದಲ್ಲಿ ಬರುವ ಕಚ್ಚಾ ಸೂಡೋರೇಂಜ್‌ಗಳಿಂದ ನಾನೇ ಸ್ಥಾನ ಕಂಡುಹಿಡಿಯುವ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಜಿಪಿಎಸ್ ಉಪಗ್ರಹಗಳು ಮಾತ್ರ, ಎಲ್1 ಆವರ್ತನ ಮಾತ್ರ. ಎಫೆಮೆರಿಸ್ ಅನ್ನು `RXM-SFRBX` ನಿಂದ ಬಿಡಿಸಿಕೊಂಡಿದ್ದೇನೆ. ಆಂಟೆನಾ ಇರುವುದು ಸರ್ವೆ ಮಾಡಿದ ಬಿಂದುವಿನ ಮೇಲೆ, ಸುತ್ತ ಆಕಾಶ ಪೂರ್ತಿ ತೆರೆದಿದೆ. ಅಕ್ಷಾಂಶ 30 ಡಿಗ್ರಿ ಹತ್ತಿರ.

ಅಯನಗೋಳಕ್ಕೆ ಕ್ಲೋಬುಚಾರ್ ಮಾದರಿ ಹಾಕಿದ್ದೇನೆ, ವಾತಾವರಣಕ್ಕೆ ಒಂದು ಸರಳ ಮಾದರಿ ಇದೆ. ಲೀಸ್ಟ್ ಸ್ಕ್ವೇರ್ಸ್ ಐದು ಸುತ್ತಿನಲ್ಲಿ ನಿಲ್ಲುತ್ತದೆ. ಉತ್ತರ ಮಾತ್ರ ನಿಜವಾದ ಬಿಂದುವಿಗಿಂತ ಪೂರ್ವಕ್ಕೆ 31 ಮೀಟರ್ ಆಚೆ ಬರುತ್ತದೆ. ಉತ್ತರ-ದಕ್ಷಿಣ ದಿಕ್ಕಿನಲ್ಲಿ ಒಂದು ಮೀಟರ್ ಒಳಗೇ ಇದೆ, ಎತ್ತರ 5 ಮೀಟರ್ ಹೆಚ್ಚು. ಇಡೀ ದಿನ ಓಡಿಸಿ ನೋಡಿದೆ, ಪೂರ್ವದ ತಪ್ಪು 30ಕ್ಕೆ ಇಳಿಯುತ್ತದೆ, 32ಕ್ಕೆ ಏರುತ್ತದೆ, ಅಷ್ಟೇ.

ತಲೆ ಕೆಡಿಸುತ್ತಿರುವುದು ಇದು: ಒಂಬತ್ತು ಉಪಗ್ರಹಗಳಿದ್ದರೂ ರೆಸಿಡ್ಯುಯಲ್‌ಗಳು 3 ಮೀಟರ್ ಆಸುಪಾಸಿನಲ್ಲೇ ಇವೆ. ಅಳತೆಗಳೆಲ್ಲ ಒಂದಕ್ಕೊಂದು ಒಪ್ಪುತ್ತಿವೆ, ಎಲ್ಲವೂ ಸೇರಿ ತಪ್ಪು ಜಾಗ ತೋರಿಸುತ್ತಿವೆ. ಕೋಡಿನ ತಿರುಳು ಇಷ್ಟು:

```python
t_tx = t_rx - P / C
t_tx -= sv_clock(eph, t_tx)
x, y, z = sat_pos(eph, t_tx)
r = dist((x, y, z), pos)
v = P + C * sv_clock(eph, t_tx) - r - cb
```

`cb` ಅಂದರೆ ರಿಸೀವರ್ ಗಡಿಯಾರದ ತಪ್ಪು, ಮೀಟರ್‌ನಲ್ಲಿ. ಅಯನಗೋಳ, ವಾತಾವರಣದ ಸಾಲುಗಳನ್ನು ಇಲ್ಲಿ ಬಿಟ್ಟಿದ್ದೇನೆ.

ನಕ್ಷೆಪ್ರಿಯ

ನನ್ನ ಫೋನೂ ಹೀಗೇ ಮಾಡುತ್ತೆ ಮಾರಾಯ್ರೆ, ನಾನು ಒಂದು ರಸ್ತೆಯಲ್ಲಿದ್ದರೆ ನೀಲಿ ಚುಕ್ಕಿ ಪಕ್ಕದ ರಸ್ತೆಯಲ್ಲಿ. ಫೋನನ್ನು ಕೈಯಲ್ಲಿ ಹಿಡಿದು ಎಂಟರ ಆಕಾರದಲ್ಲಿ ನಾಲ್ಕು ಸಲ ಆಡಿಸಿ, ಸರಿಹೋಗುತ್ತೆ. ನಂದು ಒಂದು ವಾರ ಸರಿ ಇತ್ತು.

ಎರಡನೇಬಿಟ್

ಎಂಟರ ಆಕಾರ ದಿಕ್ಸೂಚಿಗೆ, ಸ್ಥಾನಕ್ಕಲ್ಲ. ಎತ್ತರದ ಕಟ್ಟಡಗಳ ನಡುವೆ ಚುಕ್ಕಿ ಹಾರುವುದು ಗೋಡೆಗೆ ಬಡಿದು ಸುತ್ತಿಬರುವ ಸಿಗ್ನಲ್‌ನಿಂದ. ಅದು ಬೇರೆಯದೇ ಕಥೆ.

ಇಲ್ಲಿ ನನ್ನ ಅನುಮಾನ ಅಯನಗೋಳದ ಮೇಲೆ. ಎಲ್1 ಒಂದರಲ್ಲೇ ಇದ್ದರೆ ವಿಳಂಬ ಹತ್ತಾರು ಮೀಟರ್ ಆಗಬಹುದು. ಕ್ಲೋಬುಚಾರ್ ಅದರಲ್ಲಿ ಸರಾಸರಿ ಅರ್ಧದಷ್ಟನ್ನೇ ತೆಗೆಯುತ್ತದೆ. ನಿಮ್ಮ ಕ್ಲೋಬುಚಾರ್‌ನಲ್ಲಿ ಕೋನದ ಏಕಮಾನ ನೋಡಿ. ಅದರ ಸೂತ್ರ ಅರ್ಧವೃತ್ತಗಳಲ್ಲಿದೆ, ರೇಡಿಯನ್‌ನಲ್ಲಲ್ಲ, ಎಲ್ಲರೂ ಒಮ್ಮೆ ಮುಗ್ಗರಿಸುವ ಜಾಗ ಅದು.

ಹಳೇಗಡಿಯಾರ

ಅರ್ಧವೃತ್ತದ ಮಾತು ಸರಿ, ನೋಡಿಕೊಳ್ಳಿ. ಆದರೆ 31 ಮೀಟರ್ ಅದರಿಂದ ಬಂದದ್ದಲ್ಲ. ಅಯನಗೋಳದ ತಪ್ಪಿಗೆ ಬೇರೆ ನಡತೆ ಇದೆ. ಅದು ಎಲ್ಲ ರೇಂಜ್‌ಗಳನ್ನೂ ಉದ್ದ ಮಾಡುತ್ತದೆ, ದಿಗಂತದ ಹತ್ತಿರದ ಉಪಗ್ರಹಗಳದ್ದನ್ನು ಹೆಚ್ಚು. ಎಲ್ಲದರಲ್ಲೂ ಸಮಾನವಾಗಿರುವ ಪಾಲನ್ನು ರಿಸೀವರ್ ಗಡಿಯಾರ ನುಂಗಿಕೊಳ್ಳುತ್ತದೆ. ಉಳಿದದ್ದು ಎತ್ತರಕ್ಕೆ ಹೋಗುತ್ತದೆ: ಕೆಳಗಿನ ಉಪಗ್ರಹಗಳೆಲ್ಲ ದೂರವಾದಂತೆ ಕಾಣುವುದರಿಂದ ಉತ್ತರ ಮೇಲಕ್ಕೆ ಜಾರುತ್ತದೆ. ಜೊತೆಗೆ ಅದು ಹಗಲು ಹೆಚ್ಚು, ರಾತ್ರಿ ಕಡಿಮೆ. ನಿಮ್ಮದು ಬೆಳಗಿನ ಜಾವಕ್ಕೂ ನಡುಮಧ್ಯಾಹ್ನಕ್ಕೂ ಎರಡು ಮೀಟರ್ ಕೂಡ ಬದಲಾಗುತ್ತಿಲ್ಲ, ಮತ್ತು ಪೂರ್ವಕ್ಕೆ ಮಾತ್ರ ಇದೆ. ಪೂರ್ವ-ಪಶ್ಚಿಮದ ವ್ಯತ್ಯಾಸ ಗೊತ್ತಿರುವುದು ಇಡೀ ಲೆಕ್ಕದಲ್ಲಿ ಒಂದಕ್ಕೇ, ಭೂಮಿಯ ತಿರುಗಾಟಕ್ಕೆ.

ಸಿಗ್ನಲ್ ಉಪಗ್ರಹ ಬಿಟ್ಟು ನಿಮ್ಮ ಆಂಟೆನಾ ಮುಟ್ಟಲು ಸುಮಾರು 67ರಿಂದ 86 ಮಿಲಿಸೆಕೆಂಡ್ ಹಿಡಿಯುತ್ತದೆ, ನೆತ್ತಿಯ ಮೇಲಿದ್ದರೆ ಕಡಿಮೆ, ದಿಗಂತದಲ್ಲಿದ್ದರೆ ಹೆಚ್ಚು. ಅಷ್ಟರಲ್ಲಿ ಭೂಮಿ ನಿಮ್ಮ ಆಂಟೆನಾವನ್ನು ಪೂರ್ವಕ್ಕೆ ಒಯ್ದಿರುತ್ತದೆ. ಭೂಮಧ್ಯರೇಖೆಯಲ್ಲಿ ನೆಲದ ವೇಗ ಸೆಕೆಂಡಿಗೆ 465 ಮೀಟರ್, 30 ಡಿಗ್ರಿಯಲ್ಲಿ 403. ಅದನ್ನು ಸರಾಸರಿ 77 ಮಿಲಿಸೆಕೆಂಡಿನಿಂದ ಗುಣಿಸಿ. 31 ಮೀಟರ್.

ನಿಮ್ಮ `sat_pos` ಕೊಡುವುದು ಸಿಗ್ನಲ್ ಹೊರಟ ಕ್ಷಣದಲ್ಲಿ ಭೂಮಿಗೆ ಅಂಟಿದ ಅಕ್ಷಗಳಲ್ಲಿ ಉಪಗ್ರಹದ ಸ್ಥಾನ. ನೀವು ಆಂಟೆನಾ ಹುಡುಕುತ್ತಿರುವುದು ಸಿಗ್ನಲ್ ತಲುಪಿದ ಕ್ಷಣದ ಅಕ್ಷಗಳಲ್ಲಿ. ಎರಡೂ ಒಂದೇ ಅಕ್ಷಗಳಲ್ಲ, 77 ಮಿಲಿಸೆಕೆಂಡಿನಷ್ಟು ತಿರುಗಿವೆ. `r` ಲೆಕ್ಕಹಾಕುವ ಮುಂಚೆ ಉಪಗ್ರಹವನ್ನು ಆ ಕೋನದಷ್ಟು ಭೂಮಿಯ ಅಕ್ಷದ ಸುತ್ತ ತಿರುಗಿಸಬೇಕು.

ರೆಸಿಡ್ಯುಯಲ್ ಯಾಕೆ ಸುಮ್ಮನಿತ್ತು ಅಂದರೆ, ಎಲ್ಲ ಉಪಗ್ರಹಗಳೂ ಹೆಚ್ಚುಕಡಿಮೆ ಒಂದೇ ಕೋನದಷ್ಟು ಪೂರ್ವಕ್ಕೆ ಸರಿದಿವೆ. ಇಡೀ ಆಕಾಶ ಒಟ್ಟಿಗೆ ಸರಿದರೆ ಕೆಳಗಿನ ಬಿಂದುವೂ ಅದರ ಜೊತೆ ಸರಿಯುತ್ತದೆ, ಜಗಳವೇ ಇಲ್ಲ. ರೆಸಿಡ್ಯುಯಲ್ ಹೇಳುವುದು ಅಳತೆಗಳ ನಡುವಿನ ಒಪ್ಪಂದವನ್ನು ಮಾತ್ರ.

ಎರಡನೇಬಿಟ್

ಒಂದು ನಿಮಿಷ. ಎಫೆಮೆರಿಸ್ ಸೂತ್ರದಲ್ಲಿ ಭೂಮಿಯ ತಿರುಗುವಿಕೆ ಆಗಲೇ ಇದೆಯಲ್ಲ? ಆರೋಹಣ ಬಿಂದುವಿನ ಸಾಲು ನೋಡಿ:

```
Omega_k = Omega0 + (OmegaDot - OmegaDot_e) * tk - OmegaDot_e * toe
```

`OmegaDot_e` ಭೂಮಿಯದ್ದೇ ದರ, 7.2921151467e-5. ಮತ್ತೊಮ್ಮೆ ತಿರುಗಿಸಿದರೆ ಎರಡು ಸಲ ಎಣಿಸಿದಂತೆ ಆಗುವುದಿಲ್ಲವೇ? ನಾನು ಹಿಂದೊಮ್ಮೆ ನೋಡಿದ ಒಂದು ಪ್ರೋಗ್ರಾಂನಲ್ಲಿ ಪ್ರತ್ಯೇಕ ತಿರುಗಿಸುವ ಹೆಜ್ಜೆ ಇರಲೇ ಇಲ್ಲ, ಉತ್ತರ ಸರಿಯಾಗಿ ಬರುತ್ತಿತ್ತು.

ಹಳೇಗಡಿಯಾರ

ಒಳ್ಳೆಯ ಪ್ರಶ್ನೆ. ಆ ಸಾಲಿನ ಕೆಲಸ ಬೇರೆ. ಕಕ್ಷೆ ನಕ್ಷತ್ರಗಳ ಹಿನ್ನೆಲೆಯಲ್ಲಿ ನಿಂತಿರುತ್ತದೆ, ಅದರ ಅಡಿಯಲ್ಲಿ ಭೂಮಿ ತಿರುಗುತ್ತದೆ. `tk` ಯಾವ ಕ್ಷಣದ್ದೋ ಆ ಕ್ಷಣದ ಭೂಮಿಯ ಮೇಲೆ ಕಕ್ಷೆಯನ್ನು ಕೂರಿಸುವುದು ಆ ಸಾಲು. ನೀವು ಹೊರಟ ಕ್ಷಣ ಕೊಟ್ಟಿದ್ದೀರಿ, ಅದು ಹೊರಟ ಕ್ಷಣದ ಭೂಮಿಯ ಮೇಲೆ ಕೂರಿಸಿದೆ. ಆಮೇಲಿನ 77 ಮಿಲಿಸೆಕೆಂಡು ಅದಕ್ಕೆ ಗೊತ್ತಿಲ್ಲ.

ನೀವು ನೋಡಿದ ಪ್ರೋಗ್ರಾಂ ಸುಳ್ಳಿರಲಾರದು. ಕೆಲವರು ಕಕ್ಷೆಯ ಲೆಕ್ಕಕ್ಕೆಲ್ಲ ಹೊರಟ ಕ್ಷಣ ಹಾಕಿ, ಈ ಸಾಲಿನ `OmegaDot_e` ಎದುರು ಮಾತ್ರ ತಲುಪಿದ ಕ್ಷಣ ಹಾಕುತ್ತಾರೆ. ತಿರುಗಿಸುವಿಕೆ ಅಲ್ಲೇ ಆಗಿಹೋಗುತ್ತದೆ. ಯಾವ ದಾರಿಯಾದರೂ ಸರಿ, ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ನೀವು ಹೇಳಿದ ಎರಡೆಣಿಕೆ. ಆಗ ತಪ್ಪು 31 ಮೀಟರ್ ಪಶ್ಚಿಮಕ್ಕೆ ಬೀಳುತ್ತದೆ.

ಮೌನಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೂರು ಉಪಗ್ರಹ ಇದ್ದರೆ ಸ್ಥಾನಕ್ಕೆ ಸಾಕು, ನಾಲ್ಕನೆಯದು ಸಮಯ ಬೇಕಾದವರಿಗೆ ಮಾತ್ರ ಅಂತ ಓದಿದ್ದೆ. ಇಲ್ಲಿ `cb` ಯಾಕೆ ಬಂತು? ಇನ್ನೊಂದು ಸಂದೇಹ. `t_rx` ಅನ್ನುವುದೇ ರಿಸೀವರ್‌ನ ತಪ್ಪು ಗಡಿಯಾರದ ಸಮಯ. ಅದರಿಂದ `P / C` ಕಳೆದರೆ ಬರುವ `t_tx` ಕೂಡ ತಪ್ಪೇ ಅಲ್ಲವೇ?

ಹಳೇಗಡಿಯಾರ

ಸಮಯ ಬೇಡದವರಿಗೂ ನಾಲ್ಕನೆಯದು ಬೇಕು. ರಿಸೀವರ್ ಒಳಗಿರುವುದು ಸಣ್ಣ ಸ್ಫಟಿಕ. ಹತ್ತು ಲಕ್ಷಕ್ಕೆ ಅರ್ಧ ಪಾಲು ತಪ್ಪುವ ಒಳ್ಳೆಯ ಸ್ಫಟಿಕವೇ ಆದರೂ ಒಂದು ಸೆಕೆಂಡಿಗೆ ಅರ್ಧ ಮೈಕ್ರೋಸೆಕೆಂಡ್ ಜಾರುತ್ತದೆ. ಬೆಳಕಿಗೆ ಅದು 150 ಮೀಟರ್. ಒಂದು ನಿಮಿಷ ಬಿಟ್ಟರೆ 9 ಕಿಲೋಮೀಟರ್. ಆದ್ದರಿಂದ ಗಡಿಯಾರದ ತಪ್ಪನ್ನು ನಾಲ್ಕನೇ ಅಜ್ಞಾತವಾಗಿ ಪ್ರತಿ ಸಲ ಬಿಡಿಸಿಕೊಳ್ಳಲೇಬೇಕು. ಎತ್ತರ ಗೊತ್ತಿದೆ ಅಂತ ಇಟ್ಟುಕೊಂಡರೆ ಮೂರರಲ್ಲಿ ಕೆಲಸ ಆಗುತ್ತದೆ, ನೀವು ಓದಿದ್ದು ಬಹುಶಃ ಅದರ ಅರ್ಧ.

ಎರಡನೇ ಸಂದೇಹ ಚೆನ್ನಾಗಿದೆ. ರಿಸೀವರ್ ದೂರವನ್ನು ಅಳೆಯುವುದೇ ಇಲ್ಲ. ಅದು ಸಿಗ್ನಲ್ ಮೇಲೆ ಬರೆದಿರುವ ಉಪಗ್ರಹದ ಸಮಯವನ್ನು ಓದುತ್ತದೆ, ಗಡಿಯಾರದ ಮುಳ್ಳುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಓದಿದ ಹಾಗೆ. ಸಂದೇಶದ ಪ್ರತಿ ಉಪಚೌಕಟ್ಟು 6 ಸೆಕೆಂಡಿನದು, ವಾರದ ಯಾವ ಸೆಕೆಂಡು ಅನ್ನುವುದು ಅದರಲ್ಲೇ ಇದೆ. ಅದರೊಳಗೆ ಎಷ್ಟು ಬಿಟ್ ದಾಟಿತು ಎಣಿಸುತ್ತದೆ, ಒಂದು ಬಿಟ್ 20 ಮಿಲಿಸೆಕೆಂಡ್. ಆ ಬಿಟ್‌ನೊಳಗೆ ಸಿ/ಎ ಕೋಡ್ ಎಷ್ಟು ಸಲ ಸುತ್ತಿತು, ಒಂದು ಸುತ್ತು 1 ಮಿಲಿಸೆಕೆಂಡ್. ಸುತ್ತಿನೊಳಗೆ 1023 ಚಿಪ್‌ಗಳಲ್ಲಿ ಎಷ್ಟನೆಯದು, ಆ ಚಿಪ್‌ನ ಎಷ್ಟು ಭಾಗ. ಒಂದು ಚಿಪ್ ಅಂದರೆ 293 ಮೀಟರ್ ಉದ್ದ, ಅದರ ನೂರರಲ್ಲೊಂದು ಪಾಲು ಓದಿದರೆ 3 ಮೀಟರ್. ಹೀಗೆ ಸಿಕ್ಕ ಹೊರಟ ಸಮಯವನ್ನು ತನ್ನ ಗಡಿಯಾರದಿಂದ ಕಳೆದು, ಬೆಳಕಿನ ವೇಗದಿಂದ ಗುಣಿಸಿ, ಸೂಡೋರೇಂಜ್ ಅಂತ ನಿಮಗೆ ಕೊಡುತ್ತದೆ.

ಈಗ ನೀವು `t_rx - P / C` ಮಾಡಿದರೆ ಆ ಗುಣಾಕಾರವನ್ನು ಹಿಂದಕ್ಕೆ ಬಿಚ್ಚಿದಂತೆ. ರಿಸೀವರ್ ಗಡಿಯಾರದ ತಪ್ಪು `t_rx`ನಲ್ಲೂ ಇದೆ, `P`ಯಲ್ಲೂ ಇದೆ, ಕಳೆದಾಗ ಪೂರ್ತಿ ಅಳಿಸಿಹೋಗುತ್ತದೆ. ಉಳಿಯುವುದು ಉಪಗ್ರಹದ ಗಡಿಯಾರ ತೋರಿಸಿದ ಸಮಯ, ಅದನ್ನು ಎರಡನೇ ಸಾಲು ತಿದ್ದುತ್ತಿದೆ. ಕಕ್ಷೆಕೂಸು ಅವರ ಮೊದಲ ಎರಡು ಸಾಲು ಸರಿಯಾಗಿವೆ, ಅಲ್ಲಿ ಕೈಯಾಡಿಸಬೇಡಿ. ತುಂಬಾ ಜನ ಅಲ್ಲಿ `cb` ಕಳೆಯಲು ಹೋಗಿ ಕೆಡಿಸಿಕೊಳ್ಳುತ್ತಾರೆ.

ಕಕ್ಷೆಕೂಸು

ಸರ್, ತಿರುಗಿಸುವ ಸಾಲು ಹಾಕಿದೆ. ಈಗ ಪೂರ್ವದ ತಪ್ಪು 67 ಮೀಟರ್! ಉತ್ತರ-ದಕ್ಷಿಣ ಹಾಗೇ ಇದೆ.

```python
th = 7.2921151467e-5 * tau
xr = cos(th) * x - sin(th) * y
yr = sin(th) * x + cos(th) * y
```

ಹಳೇಗಡಿಯಾರ

ಸರ್ ಅಲ್ಲ, ಮೇಡಂ. ಇರಲಿ.

ಹೆಚ್ಚುಕಡಿಮೆ ಎರಡರಷ್ಟಾಯಿತು ಅಂದರೆ ಒಳ್ಳೆಯ ಸುದ್ದಿ. ಕೋನ ಹೆಚ್ಚುಕಡಿಮೆ ಸರಿಯಿದೆ, ದಿಕ್ಕು ತಿರುಗಾಮುರುಗಾ. ಪಠ್ಯಪುಸ್ತಕದ ತಿರುಗಿಸುವ ಮ್ಯಾಟ್ರಿಕ್ಸ್ ಬಿಂದುವನ್ನು ಪೂರ್ವಕ್ಕೆ ತಳ್ಳುತ್ತದೆ. ಇಲ್ಲಿ ಅಕ್ಷಗಳು ಪೂರ್ವಕ್ಕೆ ತಿರುಗಿವೆ, ಹಾಗಾಗಿ ಹೊಸ ಅಕ್ಷಗಳಲ್ಲಿ ಉಪಗ್ರಹದ ಅಂಕಿಗಳು ಪಶ್ಚಿಮಕ್ಕೆ ಸರಿಯಬೇಕು:

```python
xr =  cos(th) * x + sin(th) * y
yr = -sin(th) * x + cos(th) * y
```

ಒಂದು ಉಪಗ್ರಹವನ್ನು ಕೈಯಲ್ಲೇ ಲೆಕ್ಕಹಾಕಿ ನೋಡಿ, ಆಮೇಲೆ ಚಿಹ್ನೆ ಮರೆಯುವುದಿಲ್ಲ. ನಿಮ್ಮ ಅಕ್ಷಾಂಶಕ್ಕೆ ಹೊಂದುವಂಥದ್ದೊಂದು ಮಾಡಿಕೊಂಡೆ. ಸೂಡೋರೇಂಜ್ 22,345,679 ಮೀಟರ್ ಬಂದಿದೆ ಅನ್ನೋಣ. ಉಪಗ್ರಹದ ಗಡಿಯಾರ 183 ಮೈಕ್ರೋಸೆಕೆಂಡ್ ಹಿಂದಿದೆ, ಅಂದರೆ `af0` ಸುಮಾರು -1.83e-4. ಅದೊಂದೇ 54,862 ಮೀಟರ್. ಕಳೆದರೆ 22,290,817 ಮೀಟರ್, ದಾರಿಯ ಸಮಯ 74.354 ಮಿಲಿಸೆಕೆಂಡ್. ರಿಸೀವರ್ ಗಡಿಯಾರ ಸದ್ಯಕ್ಕೆ ಸರಿ ಅಂತಲೇ ಇಟ್ಟುಕೊಳ್ಳಿ. ಭೂಮಿ ತಿರುಗಿದ ಕೋನ 5.422e-6 ರೇಡಿಯನ್.

ಉಪಗ್ರಹ x = 5,200 ಕಿಲೋಮೀಟರ್, y = 20,100 ಕಿಲೋಮೀಟರ್‌ನಲ್ಲಿದೆ. ಸರಿಯಾದ ಚಿಹ್ನೆಯಿಂದ ತಿರುಗಿಸಿದರೆ x ಗೆ 109 ಮೀಟರ್ ಸೇರುತ್ತದೆ, y ನಿಂದ 28 ಮೀಟರ್ ಹೋಗುತ್ತದೆ. ಉಪಗ್ರಹ ಒಟ್ಟು 113 ಮೀಟರ್ ಸರಿಯಿತು. ಆದರೆ ನಿಮ್ಮಿಂದ ಅದಕ್ಕಿರುವ ದೂರ ಕಡಿಮೆಯಾದದ್ದು 22 ಮೀಟರ್ ಮಾತ್ರ, ಯಾಕೆಂದರೆ ಹೆಚ್ಚಿನ ಪಾಲು ನಿಮ್ಮ ನೋಟಕ್ಕೆ ಅಡ್ಡಲಾಗಿ ಸರಿದದ್ದು. ಈ ಉಪಗ್ರಹ ನಿಮಗೆ ಪೂರ್ವದ ಕಡೆಗಿದೆ. ದೂರ ಕಡಿಮೆಯಾಗಲೇಬೇಕಿತ್ತು, ಸಿಗ್ನಲ್ ಬರುವಷ್ಟರಲ್ಲಿ ಆಂಟೆನಾ ಅದರ ಕಡೆಗೇ ಓಡಿದೆ. ಪಶ್ಚಿಮದ ಉಪಗ್ರಹಕ್ಕೆ ದೂರ ಹೆಚ್ಚಬೇಕು. ನೇರ ಉತ್ತರ ಅಥವಾ ದಕ್ಷಿಣದಲ್ಲಿದ್ದರೆ ಬದಲಾವಣೆ ಹೆಚ್ಚುಕಡಿಮೆ ಸೊನ್ನೆ. ಚಿಹ್ನೆಯ ಬಗ್ಗೆ ಅನುಮಾನ ಬಂದಾಗಲೆಲ್ಲ ಪೂರ್ವದ ಒಂದು ಉಪಗ್ರಹ ಹಿಡಿದು ಇದೊಂದನ್ನು ನೋಡಿದರೆ ಸಾಕು.

ಕಕ್ಷೆಕೂಸು

ಕ್ಷಮಿಸಿ ಮೇಡಂ. ಚಿಹ್ನೆ ಬದಲಿಸಿದೆ, 31 ಹೋಯಿತು! ಆದರೆ ಈಗ 4.6 ಮೀಟರ್ ಪಶ್ಚಿಮಕ್ಕೆ ಬೀಳುತ್ತಿದೆ. ಇದು ಮಾಮೂಲಿ ಗದ್ದಲ ಅಂತ ಬಿಡಬಹುದೇ? ಇದೂ ಇಡೀ ದಿನ ಹೆಚ್ಚು ಕದಲುವುದಿಲ್ಲ.

ಎರಡನೇಬಿಟ್

ಕದಲದಿದ್ದರೆ ಗದ್ದಲ ಅಲ್ಲ. `tau` ಎಲ್ಲಿಂದ ಬರುತ್ತಿದೆ, ತೋರಿಸಿ.

ಕಕ್ಷೆಕೂಸು

ಲೂಪ್ ಶುರುವಾಗುವ ಮೊದಲು `tau = dist(sat, pos) / C` ಅಂತ ಒಮ್ಮೆ. `pos` ಆರಂಭದಲ್ಲಿ (0, 0, 0).

ಎರಡನೇಬಿಟ್

ಸಿಕ್ಕಿತು. ಭೂಕೇಂದ್ರದಿಂದ ಹೊರಟಿದ್ದೀರಿ, ಅಲ್ಲಿಂದ ಉಪಗ್ರಹಕ್ಕೆ 26,560 ಕಿಲೋಮೀಟರ್, ಅಂದರೆ 88.6 ಮಿಲಿಸೆಕೆಂಡ್. ನಿಜವಾದ ಸರಾಸರಿ 77. ಹೆಚ್ಚುವರಿ 11.6 ಮಿಲಿಸೆಕೆಂಡ್, ಅದಕ್ಕೆ 403 ಗುಣಿಸಿದರೆ 4.7 ಮೀಟರ್, ಹೆಚ್ಚಾಗಿ ತಿರುಗಿಸಿದ್ದರಿಂದ ಪಶ್ಚಿಮಕ್ಕೆ. ಆ ಸಾಲನ್ನು ಲೂಪಿನೊಳಗೆ ಹಾಕಿ, `pos` ತಿದ್ದಿದ ಹಾಗೆಲ್ಲ `tau` ಕೂಡ ತಿದ್ದಲಿ. ಕೆಲವೇ ಸುತ್ತಿನಲ್ಲಿ ಸರಿಹೋಗುತ್ತದೆ.

ಹಿಂದೆ ಎರಡೆಣಿಕೆ ಅಂದಿದ್ದನ್ನು ವಾಪಸ್ ತಗೊಂಡೆ, ಹಳೇಗಡಿಯಾರ ಅವರೇ. ನಾನು ನೋಡಿದ ಪ್ರೋಗ್ರಾಂ ತೆರೆದು ನೋಡಿದೆ, ನೀವು ಹೇಳಿದಂತೆ ಆ ಸಾಲಿನಲ್ಲಿ ತಲುಪಿದ ಕ್ಷಣವೇ ಇತ್ತು.

ಮೌನಿ

`tau`ಗೆ ಸುಮ್ಮನೆ `P / C` ಹಾಕಿದರೆ ಭೂಕೇಂದ್ರದ ತಾಪತ್ರಯವೇ ಇಲ್ಲವಲ್ಲ?

ಹಳೇಗಡಿಯಾರ

ಹಾಕಬಹುದು, ಸಣ್ಣ ತೆರಿಗೆ ಕಟ್ಟಬೇಕು. ಹೊರಟ ಸಮಯ ತೆಗೆಯುವಾಗ ರಿಸೀವರ್ ಗಡಿಯಾರದ ತಪ್ಪು ಅಳಿಸಿಹೋಗುತ್ತಿತ್ತು, ಇಲ್ಲಿ ಅಳಿಸುವುದಿಲ್ಲ. ಇಲ್ಲಿ ಬೇಕಾದದ್ದು ನಿಜವಾಗಿ ದಾರಿಯಲ್ಲಿ ಕಳೆದ ಸಮಯ. ಗಡಿಯಾರ 1 ಮಿಲಿಸೆಕೆಂಡ್ ತಪ್ಪಿದ್ದರೆ 30 ಡಿಗ್ರಿಯಲ್ಲಿ 40 ಸೆಂಟಿಮೀಟರ್ ಪೂರ್ವ-ಪಶ್ಚಿಮ ತಪ್ಪು. ಎಲ್1 ಒಂದರ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ. ಆದರೆ ರಿಸೀವರ್ ತನ್ನ ಗಡಿಯಾರವನ್ನು ಒಮ್ಮೆಲೇ 1 ಮಿಲಿಸೆಕೆಂಡ್ ಹಾರಿಸುವ ಮಾದರಿಯದಾದರೆ, ಹಾರಿದಾಗಲೆಲ್ಲ ಸ್ಥಾನ 40 ಸೆಂಟಿಮೀಟರ್ ಕುಪ್ಪಳಿಸುತ್ತದೆ, ಆಗ ಕಾರಣ ಹುಡುಕುತ್ತಾ ಒಂದು ವಾರ ಹೋಗುತ್ತದೆ. `r / C` ಬಳಸಿ, ನಿಶ್ಚಿಂತೆ.

ಕಕ್ಷೆಕೂಸು

ಲೂಪಿನೊಳಗೆ ಹಾಕಿದೆ. ಪೂರ್ವದ ತಪ್ಪು ಈಗ 0.4 ಮೀಟರ್, ಸೊನ್ನೆಯ ಆಚೀಚೆ ಓಲಾಡುತ್ತಿದೆ. ಇನ್ನೊಂದು ಗಂಟು ಉಳಿದಿದೆ. ಒಂದು ಉಪಗ್ರಹದ ರೆಸಿಡ್ಯುಯಲ್ ಮಾತ್ರ 5 ಮೀಟರ್‌ವರೆಗೆ ಹೋಗಿ, ಕೆಲವು ಗಂಟೆಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಅದು ಆಕಾಶದಲ್ಲಿ ಮೇಲೆಯೇ ಇದೆ, 50 ಡಿಗ್ರಿ, ಸಿಗ್ನಲ್ ಬಲವೂ ಚೆನ್ನಾಗಿದೆ. ಮೊದಲು 31 ಮೀಟರ್ ಗಲಾಟೆಯಲ್ಲಿ ಇದನ್ನು ಗಮನಿಸಿರಲಿಲ್ಲ.

ಹಳೇಗಡಿಯಾರ

ಆ ಉಪಗ್ರಹದ ಎಫೆಮೆರಿಸ್‌ನಲ್ಲಿ `e` ಎಷ್ಟಿದೆ? ನಿಮ್ಮ `sv_clock` ಒಳಗೆ `af0`, `af1`, `af2` ಬಿಟ್ಟು ಬೇರೇನಿದೆ?

ಕಕ್ಷೆಕೂಸು

`e` 0.0121. ಉಳಿದವಕ್ಕಿಂತ ಹೆಚ್ಚು. `sv_clock` ಒಳಗೆ ಆ ಮೂರೇ. ಸಾಪೇಕ್ಷತೆಯ ಪದ ಬಿಟ್ಟಿದ್ದೇನೆ. ಉಪಗ್ರಹದ ಗಡಿಯಾರವನ್ನು ಹಾರಿಸುವ ಮುಂಚೆಯೇ ಅದಕ್ಕೆ ತಕ್ಕಂತೆ ನಿಧಾನ ಮಾಡಿರುತ್ತಾರೆ ಅಂತ ಓದಿದ್ದೆ.

ಹಳೇಗಡಿಯಾರ

ಓದಿದ್ದು ಅರ್ಧ ನಿಜ. ಗಡಿಯಾರದ ಆವರ್ತನ 10.23 ಮೆಗಾಹರ್ಟ್ಸ್ ಬದಲು 10.22999999543 ಇಟ್ಟಿರುತ್ತಾರೆ. ಮೇಲೆ ಹೋದಾಗ ಅದು ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುವುದನ್ನು ಅದು ಸರಿದೂಗಿಸುತ್ತದೆ. ಆದರೆ ಆ ತಿದ್ದುಪಡಿ ಪೂರ್ತಿ ದುಂಡಗಿನ ಕಕ್ಷೆಗೆ. ನಿಜವಾದ ಕಕ್ಷೆ ಸ್ವಲ್ಪ ಉದ್ದುದ್ದ. ಉಪಗ್ರಹ ಭೂಮಿಗೆ ಹತ್ತಿರ ಬಂದಾಗ ವೇಗ ಹೆಚ್ಚಿ ಗಡಿಯಾರ ನಿಧಾನ, ದೂರ ಹೋದಾಗ ಚುರುಕು. ಒಂದು ಸುತ್ತಿನಲ್ಲಿ ಈ ಏರಿಳಿತ ತಾನಾಗಿ ಸರಿದೂಗುತ್ತದೆ, ಆದರೆ ನಡುವೆ ಇರುತ್ತದೆ. ಅದನ್ನು ರಿಸೀವರ್‌ಗೇ ಬಿಟ್ಟಿದ್ದಾರೆ:

```python
dtr = -4.442807633e-10 * e * sqrtA * sin(E)
```

ನಿಮ್ಮ ಉಪಗ್ರಹಕ್ಕೆ ಹಾಕಿ ನೋಡಿ. `sqrtA` ಸುಮಾರು 5153.7, ಆ ಕ್ಷಣಕ್ಕೆ `sin(E)` 0.86 ಇದ್ದರೆ 23.8 ನ್ಯಾನೋಸೆಕೆಂಡ್, ಅಂದರೆ 7.1 ಮೀಟರ್. ಅದರಲ್ಲಿ ಒಂದಿಷ್ಟು ಸ್ಥಾನದೊಳಗೂ ಗಡಿಯಾರದೊಳಗೂ ಸೋರಿ, ರೆಸಿಡ್ಯುಯಲ್‌ನಲ್ಲಿ 5 ಮೀಟರ್ ಕಂಡಿದೆ. ಈ ತಪ್ಪು ಪ್ರತಿ ಉಪಗ್ರಹಕ್ಕೂ ಬೇರೆ ಬೇರೆ, ಹಾಗಾಗಿ ಭೂಮಿಯ ತಿರುಗಾಟದಂತೆ ಬಚ್ಚಿಟ್ಟುಕೊಳ್ಳಲು ಇದಕ್ಕೆ ಆಗಲಿಲ್ಲ. `sv_clock` ಫಲಿತಕ್ಕೆ ಇದನ್ನು ಕೂಡಿಸಿ. `E` ರೇಡಿಯನ್‌ನಲ್ಲಿರಲಿ. ಎಲ್1 ಒಂದನ್ನೇ ಬಳಸುವವರು `TGD` ಯನ್ನೂ ಕಳೆಯಬೇಕು, ಅದು ಕೆಲವು ನ್ಯಾನೋಸೆಕೆಂಡ್ ಅಷ್ಟೇ.

ನಕ್ಷೆಪ್ರಿಯ

ಅಂದರೆ ನನ್ನ ಫೋನ್ ಪಕ್ಕದ ರಸ್ತೆ ತೋರಿಸುವುದೂ ಈ ಭೂಮಿ ತಿರುಗುವುದರಿಂದಲೇ ಇರಬಹುದು ಅನ್ನಿ. 30 ಮೀಟರ್ ಅಂದರೆ ಸರಿಯಾಗಿ ಒಂದು ರಸ್ತೆ.

ಎರಡನೇಬಿಟ್

ಇಲ್ಲ ಸ್ವಾಮಿ. ಫೋನಿನ ಚಿಪ್ ಇದನ್ನೆಲ್ಲ ಒಳಗೇ ಮಾಡಿ ಮುಗಿಸಿರುತ್ತದೆ. ಪರೀಕ್ಷೆ ಬೇಕಾದರೆ ರಸ್ತೆಯ ಎರಡೂ ಬದಿಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ನಿಂತು ನೋಡಿ. ಚುಕ್ಕಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹೋದರೆ ಗೋಡೆಗಳ ಕೆಲಸ. ತೆರೆದ ಮೈದಾನದಲ್ಲೂ, ಯಾವ ಹೊತ್ತಿನಲ್ಲೂ, ಬರೀ ಪೂರ್ವಕ್ಕೇ ಹೋದರೆ ಇಲ್ಲಿ ಬಂದು ಹೇಳಿ, ಆಗ ಮಾತಾಡೋಣ.

ಕಕ್ಷೆಕೂಸು

`dtr`, `TGD` ಎರಡೂ ಹಾಕಿದೆ. ಆ ಉಪಗ್ರಹ ಉಳಿದವುಗಳ ಸಾಲಿಗೆ ಬಂತು, ರೆಸಿಡ್ಯುಯಲ್‌ಗಳ ಸರಾಸರಿ ಈಗ 1.6 ಮೀಟರ್. ಎತ್ತರ ಮಾತ್ರ ಹಠ ಹಿಡಿದಿದೆ: ಮಧ್ಯಾಹ್ನ 4 ಮೀಟರ್ ಹೆಚ್ಚು, ಬೆಳಗಿನ ಜಾವ 1 ಮೀಟರ್. ರಿಸೀವರ್‌ನ ಸ್ವಂತ `NAV-PVT` ಉತ್ತರದಲ್ಲಿ ಮಧ್ಯಾಹ್ನವೂ 1.5 ಮೀಟರ್ ಒಳಗೇ ಇದೆ.

ಎರಡನೇಬಿಟ್

ಇದು ಅಯನಗೋಳ. ಈ ಸಲ ಪಂದ್ಯ ಕಟ್ಟುತ್ತೇನೆ.

ಹಳೇಗಡಿಯಾರ

ಈ ಸಲ ನಾನೂ ನಿಮ್ಮ ಕಡೆ: ಎತ್ತರಕ್ಕೆ ಹೋಗಿದೆ, ಮೇಲಕ್ಕೆ ಹೋಗಿದೆ, ಹಗಲು ಹೆಚ್ಚಿದೆ. ಆದರೆ ಪೂರ್ತಿ ಅದೇ ಅಂತ ಹೇಳಲಾರೆ. `NAV-PVT` ಜೊತೆ ಹೋಲಿಸುವಾಗ ಒಂದು ಎಚ್ಚರ, ರಿಸೀವರ್ ಬೇರೆ ವ್ಯವಸ್ಥೆಗಳ ಉಪಗ್ರಹಗಳನ್ನೂ ಸೇರಿಸಿಕೊಂಡು, ಹಿಂದಿನ ಸ್ಥಾನಗಳ ಜೊತೆ ಮೆತ್ತಗೆ ಬೆರೆಸಿ ಉತ್ತರ ಕೊಡುತ್ತಿರುತ್ತದೆ. ನೀವು ಪ್ರತಿ ಕ್ಷಣವನ್ನೂ ಒಂಟಿಯಾಗಿ, ಜಿಪಿಎಸ್ ಒಂದರಿಂದ ಬಿಡಿಸುತ್ತಿದ್ದೀರಿ. ಅದನ್ನೂ ಜಿಪಿಎಸ್‌ಗೆ ಮಾತ್ರ ಸೀಮಿತ ಮಾಡಿ ಓಡಿಸಿ, ಆಮೇಲೆ ವ್ಯತ್ಯಾಸ ಎಷ್ಟು ಉಳಿಯುತ್ತದೆ ನೋಡಿ.

ಇನ್ನೊಂದು ಪ್ರಯೋಗ. ಎಷ್ಟು ಡಿಗ್ರಿಗಿಂತ ಕೆಳಗಿನ ಉಪಗ್ರಹ ಬಿಡುತ್ತಿದ್ದೀರೋ ಆ ಮಿತಿಯನ್ನು 5ರಿಂದ 10, 15, 20ಕ್ಕೆ ಏರಿಸುತ್ತಾ ಎತ್ತರದ ತಪ್ಪು ಬರೆದುಕೊಳ್ಳಿ. ಬೆಳಗಿನ ಜಾವದ ಅಳತೆಗಳಲ್ಲಿ 5 ಮತ್ತು 10ರ ನಡುವೆಯೇ ದೊಡ್ಡ ಬದಲಾವಣೆ ಕಂಡರೆ ಅನುಮಾನ ವಾತಾವರಣದ ಮಾದರಿಯ ಮೇಲೆ ಹೋಗಬೇಕು. ನೆತ್ತಿಯಲ್ಲಿ ಅದರ ವಿಳಂಬ 2.4 ಮೀಟರ್ ಇದ್ದದ್ದು 10 ಡಿಗ್ರಿಗೆ ಬರುವಷ್ಟರಲ್ಲಿ 13 ದಾಟುತ್ತದೆ. ಸರಳ ಮಾದರಿಗಳು ಅಲ್ಲೇ ಮುಗ್ಗರಿಸುವುದು.

ಕಕ್ಷೆಕೂಸು

ಇವತ್ತು ರಾತ್ರಿ 10 ಡಿಗ್ರಿ ಮಿತಿಯಲ್ಲಿ, ನಾಳೆ 15ರಲ್ಲಿ ಓಡಿಸುತ್ತೇನೆ. ಸದ್ಯ ಮಿತಿ 5 ಇತ್ತು. ಅಂಕಿ ಸಿಕ್ಕಮೇಲೆ ಇಲ್ಲೇ ಹಾಕುತ್ತೇನೆ.